ಅರವತ್ನಾಲ್ಕು ನೋಟು, ಅರವತ್ತೊಂದರ ರಸೀದಿ

ಗಾದಿಲಿಂಗಮ್ಮನ ಮುತ್ತಜ್ಜ ಮಾರೆಣ್ಣ ಊರಿನ ತಳವಾರ. ಕೌತಾಳಂ ಸೀಮೆಯ ಆ ಊರಿನ ಕಂದಾಯದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆದೋನಿಯ ಖಜಾನೆಗೆ ನಡೆದು ಹೋಗಿ ಕಟ್ಟಿ ಬರುವುದು ಅವನ ಪಾಲಿನ ಕೆಲಸ. ಒಂದು ಶ್ರಾವಣದಲ್ಲಿ ದಾರಿಯ ಹಳ್ಳ ಏರಿ ಬಂದಾಗ ಚೀಲ ಸಮೇತ ಜಾಲಿಮರ ಹತ್ತಿ, ಮರುದಿನ ಮಧ್ಯಾಹ್ನ ನೀರು ಇಳಿಯುವ ತನಕ ಕೂತಿದ್ದನಂತೆ. ಮುಳ್ಳಿಗೆ ಮೈ ಜರಡಿಯಾಯಿತು, ಚೀಲಕ್ಕೆ ಒಂದು ತೂತು ಬೀಳಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಖಜಾನೆಯವರು ಕೊಟ್ಟ ರಸೀದಿಯನ್ನು ವಾಪಸು ಬರುವ ದಾರಿಯಲ್ಲಿ ಮೂವರ ಹತ್ತಿರ ಓದಿಸುತ್ತಿದ್ದ. ಬಟ್ಟೆ ಅಂಗಡಿಯ ಗುಮಾಸ್ತ ಒಬ್ಬ, ಮಸೀದಿಯ ಮುಲ್ಲಾ ಒಬ್ಬ, ಮಠದ ಆಚಾರ್ಯರು ಒಬ್ಬರು. ಮೂವರ ಬಾಯಲ್ಲೂ ಒಂದೇ ಮೊತ್ತ ಬಂದರೆ ಮಾತ್ರ ಅವನಿಗೆ ಅದು ರಸೀದಿ.

ಅಜ್ಜ ಉರುಕುಂದ ಆದೋನಿಯ ಹತ್ತಿ ಯಾರ್ಡಿನಲ್ಲಿ ತೂಗುವವನು. ಒಬ್ಬ ದಲಾಲಿ ತಕ್ಕಡಿಯ ಕೆಳಗೆ ಮೊಣಕಾಲು ಕೊಡು ಎಂದು ಹೇಳಿಕೊಟ್ಟಾಗ, ಅವನ ಕಣ್ಣೆದುರಿಗೇ ಅದೇ ಹತ್ತಿಯನ್ನು ಎರಡನೇ ಸಲ ತೂಗಿ ರೈತನಿಗೆ ಹದಿನಾಲ್ಕು ಸೇರು ಹೆಚ್ಚು ತೋರಿಸಿದ. ಮರುದಿನದಿಂದ ಆ ಅಂಗಡಿಯಲ್ಲಿ ಅವನಿಗೆ ಕೆಲಸವಿರಲಿಲ್ಲ.

ಇನ್ನು ಅಪ್ಪ ಆಂಜಿನೇಯ. ಇವನದು ಬೇರೆಯೇ ಕಥೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಮಾತಾಡುವ ಷಡ್ಡಕನನ್ನು ನಂಬಿ, ಓದಿಸದೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಕೆರೆ ಕೆಳಗಿನ ಮೂರೆಕರೆ ಹೋಯಿತು. ಆಮೇಲೆ ಆ ಹೆಬ್ಬೆಟ್ಟನ್ನು ನೋಡಿಕೊಳ್ಳುತ್ತಲೇ ಮುದುಕನಾದ.

ಈ ಮೂರು ತಲೆಮಾರಿನ ಮಗಳು ಗಾದಿಲಿಂಗಮ್ಮ. ಮೂವತ್ತೆರಡನೇ ವಯಸ್ಸಿಗೆ ಮಗನ ಒಂದನೇ ತರಗತಿ ಪುಸ್ತಕ ಎದುರಿಗಿಟ್ಟುಕೊಂಡು ತೆಲುಗು ಅಕ್ಷರ ಕಲಿತಳು. ಮನೆಮಾತು ಕನ್ನಡವಾದರೂ ಶಾಲೆಯದೂ ಕಚೇರಿಯದೂ ತೆಲುಗೇ ತಾನೆ. ಅಂಕಿಯಂತೂ ಹತ್ತಿ ಬಿಡಿಸುವ ಕೂಲಿಯ ಲೆಕ್ಕದಲ್ಲೇ ಪಕ್ಕಾ ಆಗಿತ್ತು. ಊರಿನಲ್ಲಿ ಹನ್ನೆರಡು ಹೆಂಗಸರ ಪೊದುಪು ಸಂಘ ಕಟ್ಟಿದಾಗ, ಅಂದರೆ ತಿಂಗಳಿಗಿಷ್ಟು ಉಳಿಸಿ ಬ್ಯಾಂಕಿನಿಂದ ಸಾಲ ತಂದು ಕಂತು ಕಟ್ಟುವ ಗುಂಪು ಕಟ್ಟಿದಾಗ, ಲೀಡರ್ ಯಾರು ಎಂದು ಯಾರೂ ಕೇಳಲೇ ಇಲ್ಲ. ಎಲ್ಲರೂ ಆಕೆಯ ಕಡೆ ತಿರುಗಿ ಕೂತರು. ಅದಾಗಿ ಹತ್ತೊಂಬತ್ತು ವರ್ಷ.

ಆಕೆಯ ಪದ್ಧತಿ ಹೀಗೆ. ತಿಂಗಳ ಮೊದಲ ವಾರ ಶಾಲೆಯ ಜಗುಲಿಯ ಮೇಲೆ ಸಂಘ ಸೇರಬೇಕು. ಒಬ್ಬೊಬ್ಬರೂ ತಮ್ಮ ಕಂತು ಕೊಡಬೇಕು. ಐನೂರರ ನೋಟು ಇದ್ದರೆ ಅದರ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಗಾದಿಲಿಂಗಮ್ಮ ಗಟ್ಟಿಯಾಗಿ ಓದಿ, ಕೊಟ್ಟವಳ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆಯುತ್ತಾಳೆ. ಹಿಂದೊಮ್ಮೆ ಅಂಟು ಹಚ್ಚಿದ ಹರಕು ನೋಟೊಂದು ಕಟ್ಟಿನೊಳಗೆ ಸಿಕ್ಕು, ಯಾರೂ ನನ್ನದೆಂದು ಒಪ್ಪದೆ, ನಾಲ್ಕು ತಿಂಗಳು ಹನ್ನೆರಡು ಮನೆಗಳ ನಡುವೆ ಮಾತು ಕೆಟ್ಟಿತ್ತು. ಅಂದಿನಿಂದ ಈ ಕ್ರಮ. ಆಮೇಲೆ ಬ್ಯಾಂಕಿನ ಚೀಟಿಯನ್ನು ತಾನೇ ತುಂಬುತ್ತಾಳೆ. ಐನೂರರವು ಎಷ್ಟು, ಇನ್ನೂರರವು ಎಷ್ಟು, ನೂರರವು ಎಷ್ಟು, ಒಟ್ಟು ಎಷ್ಟು ಎಂದು ಬರೆದು ಅದರದೇ ಒಂದು ನಕಲನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಾಳೆ. ಹಣ ಕಟ್ಟಿ ಬಂದ ಮೇಲೆ ಬ್ಯಾಂಕಿನವರು ಸೀಲು ಒತ್ತಿ ಕೊಟ್ಟ ಅರ್ಧಚೀಟಿಯನ್ನು ಆ ನಕಲಿನ ಪಕ್ಕಕ್ಕೆ ಹಿಡಿದು ಸಾಲು ಸಾಲಾಗಿ ಬೆರಳಿಡುತ್ತಾಳೆ. ಸಂಖ್ಯೆ ಕೂಡಿತು, ಮೊತ್ತ ಕೂಡಿತು, ಸೀಲು ಇದೆ, ಕ್ಯಾಷಿಯರ್ ರುಜು ಇದೆ ಎಂದಾದ ಮೇಲೆಯೇ ಆಕೆಗೆ ನೀರು ಕುಡಿಯುವ ನೆನಪು.

"ನಮ್ಮ ಸಣ್ಣವ್ವ ನೋಟಿಗೂ ಜಾತಕ ಬರಿತಾಳ" ಎಂದು ಈಶ್ವರಿ ನಗಿಸುತ್ತಿದ್ದಳು.

ಈಶ್ವರಿ ಗಾದಿಲಿಂಗಮ್ಮನ ಅಕ್ಕನ ಮಗಳು. ಅಕ್ಕ ಹೋದಾಗ ಆರು ವರ್ಷದ ಕೂಸು. ಗಾದಿಲಿಂಗಮ್ಮ ತನ್ನ ಎರಡು ಮಕ್ಕಳ ಜೊತೆ ಇದನ್ನೂ ಮಡಿಲಿಗೆ ಹಾಕಿಕೊಂಡಳು. ಮಗ ಹತ್ತನೆಯದಕ್ಕೇ ಶಾಲೆ ಬಿಟ್ಟ, ಮಗಳು ಅಷ್ಟೂ ಓದಲಿಲ್ಲ. ಈಶ್ವರಿಯನ್ನು ಮಾತ್ರ ಆದೋನಿಯಲ್ಲಿ ಡಿಗ್ರಿ ಮಾಡಿಸಿದಳು. ಕೊನೆಯ ವರ್ಷದ ಫೀಸಿಗೆ ಕಿವಿಯ ಓಲೆ ಮಾರಿದ್ದು ಊರಿಗೆಲ್ಲ ಗೊತ್ತು. ಅದೇ ಊರಿನ ದುರುಗೇಶನಿಗೆ ಕೊಟ್ಟು ಮದುವೆ ಮಾಡಿದಳು. ಆತನದು ಫೋನ್ ರಿಪೇರಿಯ ಸಣ್ಣ ಅಂಗಡಿ. ಊರಿನ ಒಂಬತ್ತು ಸಂಘಗಳ ಲೆಕ್ಕ ಬರೆಯುವ ಕೆಲಸಕ್ಕೂ ಈಶ್ವರಿಯನ್ನೇ ನಿಲ್ಲಿಸಿದಳು. ಪ್ರತಿ ತಿಂಗಳು ಇಬ್ಬರೂ ಸ್ಕೂಟಿಯ ಮೇಲೆ ಕೌತಾಳಂ ಬ್ಯಾಂಕಿಗೆ ಹೋಗುತ್ತಿದ್ದರು. ಚೀಲ ಚಿಕ್ಕಮ್ಮನ ತೊಡೆಯ ಮೇಲೆ, ಹ್ಯಾಂಡಲ್ ಮಗಳ ಕೈಯಲ್ಲಿ.

ಆ ವರ್ಷ ಯುಗಾದಿಗೆ ಮುಂಚೆ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋದವರು ತಿರುಗಿ ಬಂದರು. ಅವರಲ್ಲಿ ಕೊಂಡಮ್ಮ ಎಲ್ಲರಿಗಿಂತ ಕೊನೆಗೆ ಬಂದವಳು. ಗಂಡನಿಲ್ಲದವಳು, ಮಾತು ಕಡಿಮೆ. ಸಂಘದಿಂದ ಮುಂದಿನ ಸಾಲ ಆಕೆಗೇ ಎಂದು ಮೊದಲೇ ತೀರ್ಮಾನವಾಗಿತ್ತು. ಆ ಹಣದಲ್ಲಿ ಮನೆಗೆ ತಗಡು ಹೊದಿಸಬೇಕಿತ್ತು. ಬಾಕಿ ಕಂತುಗಳೆಲ್ಲ ಒಟ್ಟಿಗೆ ಬಂದವು. ಐನೂರರವು ಅರವತ್ನಾಲ್ಕು, ಇನ್ನೂರರವು ಮೂವತ್ತೈದು, ನೂರರವು ನಲವತ್ತೇಳು. ಒಟ್ಟು ನಲವತ್ಮೂರು ಸಾವಿರದ ಏಳುನೂರು. ಗಾದಿಲಿಂಗಮ್ಮ ಅರವತ್ನಾಲ್ಕೂ ನಂಬರು ಬರೆದು, ಚೀಟಿ ತುಂಬಿ, ಕಟ್ಟು ಕಟ್ಟಿದಳು.

ಮರುದಿನ ಬೆಳಗ್ಗೆ ಸೊಸೆಗೆ ನೋವು ಶುರುವಾಗಿ ಆದೋನಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಆಟೋ ಹತ್ತುವ ಮುಂಚೆ ಗಾದಿಲಿಂಗಮ್ಮ ಚೀಲವನ್ನು ಈಶ್ವರಿಯ ಕೈಗಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಆಕೆ ಬ್ಯಾಂಕಿಗೆ ಹೋಗದ ತಿಂಗಳು ಅದೊಂದೇ.

ಮೊಮ್ಮಗಳು ಹುಟ್ಟಿದ ನಾಲ್ಕನೆಯ ದಿನ ಊರಿಗೆ ಬಂದು ಕೈಕಾಲು ತೊಳೆದವಳೇ ಪುಸ್ತಕ ತೆಗೆದಳು. ಈಶ್ವರಿ ಅರ್ಧಚೀಟಿ ಕೊಟ್ಟಳು. ಗಾದಿಲಿಂಗಮ್ಮನ ಬೆರಳು ಮೊದಲ ಸಾಲಿನಲ್ಲೇ ನಿಂತಿತು. ಐನೂರರವು ಅರವತ್ತೊಂದು. ಇನ್ನೂರು, ನೂರರ ಸಾಲು ಸರಿ ಇದ್ದವು. ಒಟ್ಟು ನಲವತ್ತೆರಡು ಸಾವಿರದ ಇನ್ನೂರು.

"ಇದು ನನ್ನ ಚೀಟಿ ಅಲ್ಲ" ಎಂದಳು.

"ನಿನ್ನ ಚೀಟಿ ನಡಿಲಿಲ್ಲ ಸಣ್ಣವ್ವ. ಮೂರು ಖೋಟಾ ಬಂದ್ವು. ಮಿಷನ್ನಿಗೆ ಹಾಕಿದ ಕೂಡ್ಲೆ ಹೊರಗ ತಗದ. ಸೀಲು ಹೊಡದು ಅವನೇ ಇಟ್ಗಂಡ. ಉಳಿದದ್ದಕ್ಕ ಹೊಸ ಚೀಟಿ ಬರಿಸಿದ್ರು."

"ಹಿಡದಿಟ್ಗಂಡಿದ್ದಕ್ಕ ಕಾಗದ ಕೊಡ್ತಾರಲ್ಲ? ಎಲ್ಲಿ?"

"ಐದರ ಮ್ಯಾಲೆ ಆದ್ರ ಕಾಗದ, ಪೊಲೀಸು, ಎಲ್ಲಾ. ಮೂರಕ್ಕ ಏನೂ ಕೊಡಲ್ಲ."

"ನಂಬರಾದ್ರೂ ನೋಡಿದೇನು?"

"ಸೀಲು ಬಿದ್ದ ನೋಟು ಕೈಗೆ ಕೊಡ್ತಾರೇನು ಸಣ್ಣವ್ವ? ಯಾರವು ಅಂತ ತಿಳಿಯಾಕ ನಂಬರು ಯಾಕ ಬೇಕು? ಗುಂಟೂರಿನ ಕೂಲಿ ಮೇಸ್ತ್ರಿ ಕೈಯಿಂದ ಮೊನ್ನೆ ಮೊನ್ನೆ ಗರಿಗರಿ ನೋಟು ತಂದಾಕಿ ಯಾರು, ನೀನ ಹೇಳು."

ಡಿಗ್ರಿ ಓದಿದವಳು ಹೇಳಿದ್ದು, ಅದೂ ತಾನೇ ಓದಿಸಿದವಳು. ಗಾದಿಲಿಂಗಮ್ಮ ಪುಸ್ತಕ ಮುಚ್ಚಿದಳು.

ಸಂಘ ಸೇರಿಸಿದಾಗ ಆಕೆ ಮಾತನ್ನು ಸುತ್ತಿ ಬಳಸಲಿಲ್ಲ. "ಕೊಂಡಮ್ಮ, ಅವು ನಿನ್ನವೇ ಇರಬೇಕು. ತಿಳೀದೆ ಬಂದಿರ್ತಾವ. ಆದ್ರ ಬ್ಯಾಂಕಿನಾಗ ಸಾವಿರದ ಐನೂರು ಕಮ್ಮಿ ಬಿದ್ದೈತಿ, ತುಂಬಬೇಕು."

ಕೊಂಡಮ್ಮ ವಾದಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಿ ಹಿಟ್ಟಿನ ಡಬ್ಬಿಯಲ್ಲಿ ತಗಡಿಗೆಂದು ಕೂಡಿಡುತ್ತಿದ್ದ ದುಡ್ಡಿನಿಂದ ಸಾವಿರದ ಐನೂರು ತಂದಿಟ್ಟಳು. ಹೆಂಗಸೊಬ್ಬಳು ಅವುಗಳಲ್ಲೊಂದನ್ನು ಬಿಸಿಲಿಗೆ ಹಿಡಿದು ನೋಡಿದಳು. ಇನ್ನೊಬ್ಬಳು ನಕ್ಕಳು. ಮುಂದಿನ ಸಾಲದ ಮಾತು ಬಂದಾಗ, ಈ ಸಲ ಬೇರೆಯವರಿಗೆ ಕೊಡೋಣ ಎಂದು ಯಾರೋ ಅಂದರು. ಯಾರೂ ಬೇಡ ಎನ್ನಲಿಲ್ಲ. ಆ ವಾರ ಕಿರಾಣಿ ಅಂಗಡಿಯವನೂ ಕೊಂಡಮ್ಮ ಕೊಟ್ಟ ನೋಟನ್ನು ಎರಡು ಸಲ ತಿರುಗಿಸಿ, "ಚಿಲ್ಲರ ಇದ್ರ ಕೊಡವ್ವ" ಎಂದು ವಾಪಸು ಮಾಡಿದ.

ಹತ್ತು ದಿನ ಕಳೆದ ಮೇಲೆ ಬೋರಿನ ಹತ್ತಿರ ಕೊಡ ತುಂಬುವಾಗ ಕೊಂಡಮ್ಮ ಒಂದು ಮಾತು ಕೇಳಿದಳು. "ಅಕ್ಕಾ, ನನ್ನ ಎಂಟು ನೋಟಿನ ನಂಬರು ನಿನ್ನ ಪುಸ್ತಕದಾಗ ಅದಾವಲ್ಲ. ಬ್ಯಾಂಕಿನಾಗ ಆ ಮೂರು ನಂಬರು ಬರದಿಟ್ಟಿರಲ್ಲೇನು? ರೊಕ್ಕ ಹೋದ್ರ ಹೋಗಲಿ. ನನ್ನವಾ ಅಲ್ಲಾ ಅನ್ನದು ಒಂದು ತಿಳಿಬೇಕಲ್ಲ."

ಗಾದಿಲಿಂಗಮ್ಮನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಇದನ್ನು ತಾನು ಕೇಳಬೇಕಿತ್ತು. ಹನ್ನೊಂದು ಗಂಟೆಯ ಬಸ್ಸಿಗೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಬ್ಯಾಂಕಿನ ಗೋಡೆಯ ಮೇಲೆ ನಕಲಿ ನೋಟಿನ ಬಗ್ಗೆ ತೆಲುಗಿನ ನೋಟೀಸು ಯಾವತ್ತಿನಿಂದಲೋ ಇತ್ತು. ಅವತ್ತು ಅದರ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನೋಟು ಒಂದೇ ಇರಲಿ, ಹತ್ತೇ ಇರಲಿ, ಹಿಡಿದಿಟ್ಟುಕೊಂಡದ್ದಕ್ಕೆ ರಸೀದಿ ಕೊಡಬೇಕು ಎಂದು ಬರೆದಿತ್ತು. ಕ್ಯಾಷಿಯರ್ ಬಾಲರಾಜ್ ಎಮ್ಮಿಗನೂರು ಕಡೆಯವನು, ಆಕೆಯ ಪರಿಚಯದವನೇ.

"ಏಮಮ್ಮಾ, ಪೋಯಿನ ಸಾರಿ ರಾಲೇದು?" ಎಂದು ಹೋದ ಸಲ ಬಾರದ್ದನ್ನು ತೆಲುಗಿನಲ್ಲಿ ವಿಚಾರಿಸಿದ. ಆಮೇಲೆ ಕನ್ನಡಕ್ಕೆ ತಿರುಗಿದ. "ನಿಮ್ಮ ಮಗಳು ಬಂದಿದ್ದಳು. ಮೂರು ನೋಟು ಹೋದವಲ್ಲ."

"ಮೂರಕ್ಕ ರಸೀದಿ ಕೊಡಲ್ಲಂತಲ್ಲಪ್ಪ?"

"ಯಾರು ಹೇಳಿದ್ದು? ಒಂದಕ್ಕೂ ಕೊಡ್ತೀವಿ. ನಾಲ್ಕರ ತನಕ ಆದ್ರ ತಿಂಗಳ ಕೊನೆಗೆ ಎಲ್ಲಾ ಒಟ್ಟುಗೂಡಿಸಿ ಪೊಲೀಸರಿಗೆ ಕಳಿಸ್ತೀವಿ. ಐದಾದ್ರ ಕೂಡ್ಲೆ ಎಫ್‌ಐಆರ್. ರಸೀದಿಗೂ ಅದಕ್ಕೂ ಸಂಬಂಧ ಇಲ್ಲ. ಆಕಿ ಕೈಗೆ ಕೊಟ್ಟೀನಿ, ಸೈನ್ ಹಾಕಿ ತಗೊಂಡಾಳ."

ಗಾದಿಲಿಂಗಮ್ಮ ಪಾಸ್‌ಬುಕ್ಕನ್ನು ಗಾಜಿನ ಕಂಡಿಯೊಳಗೆ ತೂರಿಸಿದಳು. "ಖಾತೆ ಮ್ಯಾಲೆ ನನ್ನ ರುಜು ಐತಿ. ನಿಮ್ಮಲ್ಲಿ ಉಳಿದದ್ದು ಒಮ್ಮೆ ತೋರಸು."

ಬಾಲರಾಜ್ ಮ್ಯಾನೇಜರ್ ಕೋಣೆಗೆ ಹೋಗಿ ಕೇಳಿಕೊಂಡು ಬಂದು ಫೈಲು ತೆರೆದ. ಕ್ರಮ ಸಂಖ್ಯೆ, ತಾರೀಖು, ಸಂಘದ ಹೆಸರು, ಐನೂರರ ಮೂರು ನೋಟುಗಳ ನಂಬರು, ಕೆಳಗೆ ಬಾಲರಾಜನ ರುಜು, ಪಕ್ಕದಲ್ಲಿ ಈಶ್ವರಿಯ ದುಂಡನೆಯ ರುಜು. ಗಾದಿಲಿಂಗಮ್ಮ ಕೊನೆಯ ನಾಲ್ಕು ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡಳು. 7318. 7318. 4062.

"ಎರಡು ಒಂದೇ ಬರದೀಯಪ್ಪ."

"ಒಂದೇ ಇದ್ದವಮ್ಮ. ಖೋಟಾ ಮಾಡೋರು ನೋಟಿಗೊಂದು ನಂಬರು ಎಲ್ಲಿ ಹುಡುಕ್ಯಾರು?"

ಅಲ್ಲೇ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದಳು. ಕೊಂಡಮ್ಮನ ಎಂಟನ್ನು ನೋಡಿದಳು. ಇಲ್ಲ. ಉಳಿದ ಐವತ್ತಾರನ್ನು ಮೇಲಿನಿಂದ ಕೆಳಗೆ ನೋಡಿ, ಕೆಳಗಿನಿಂದ ಮೇಲೆ ನೋಡಿದಳು. 7318 ಇರಲಿಲ್ಲ, 4062 ಇರಲಿಲ್ಲ. ಲೆಕ್ಕವೇನೋ ಎಲ್ಲ ಕೂಡುತ್ತಿತ್ತು. ಅರವತ್ತೊಂದು ಮತ್ತು ಮೂರು ಸೇರಿದರೆ ಅರವತ್ನಾಲ್ಕೇ. ಆದರೆ ಆ ಮೂರು ಆಕೆ ಕಟ್ಟಿದ ಕಟ್ಟಿನೊಳಗೆ ಇರಲೇ ಇಲ್ಲ. ಒಂದೇ ನಂಬರು ಎರಡು ಸಲ ಬಂದಿದ್ದರೆ ಬರೆಯುವಾಗಲೇ ಪೆನ್ನು ನಿಲ್ಲುತ್ತಿತ್ತು. ಜಗುಲಿಗೂ ಈ ಕಂಡಿಗೂ ನಡುವೆ ಕಟ್ಟು ಬಿಚ್ಚಿದ ಕೈ ಒಂದೇ.

"ನೀರು ಬೇಕೇನಮ್ಮಾ?" ಎಂದು ಬಾಲರಾಜ್ ಕೇಳಿದ. "ಗೊತ್ತಿದ್ದೂ ಖೋಟಾ ನೋಟು ಕೊಟ್ಟಿದ್ರ ಅದು ಕೇಸು, ನೋಡ್ರಿ" ಎಂದೂ ಮೆಲ್ಲಗೆ ಸೇರಿಸಿದ. ಆಕೆ ತಲೆಯಾಡಿಸಿದಳು. ಯಾವ ಮಾತಿಗೆ ಎಂದು ಅವನಿಗೂ ತಿಳಿಯಲಿಲ್ಲ.

ಈಶ್ವರಿ ಮನೆಯ ಮುಂದೆ ಚವಳಿಕಾಯಿ ಸೋಸುತ್ತಾ ಕೂತಿದ್ದಳು. ಗಾದಿಲಿಂಗಮ್ಮ ನಿಂತೇ ಅಂಗೈ ಚಾಚಿದಳು. ಬೆವರಿಗೆ ಶಾಯಿ ಅರ್ಧ ಕರಗಿದ್ದರೂ ಅಂಕಿ ಓದಲು ಬರುತ್ತಿತ್ತು. ಈಶ್ವರಿ ಓದಿದಳು. ಕಾಯಿ ಮುರಿಯುವುದು ನಿಂತಿತು.

"ರಸೀದಿ ಎಲ್ಲೈತಿ?"

"ಹರಿದೀನಿ."

"ಯಾರ ನೋಟು ಅವು?"

ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟು ಈಶ್ವರಿ ಹೇಳಿದಳು. "ಕೋಸಗಿ ಸಂತ್ಯಾಗ ಎರಡು ಟಗರು ಮಾರಿದ್ವಿ. ನಮ್ಮನೆಯವರು ನೋಡ್ಲಾರದೆ ತಗೊಂಡು ಬಂದ್ರು. ಅಂಗಡ್ಯಾಗ ಒಬ್ಬ ಇವು ನಡೆಯಲ್ಲ ಅಂದ. ಕೊಂಡಾತ ಯಾರೋ ಎಲ್ಲಿಯಾತನೋ. ನಿನ್ನ ಕಟ್ಟಿನಾಗ ಮೂರು ತಗದು ಇವನ್ನ ಹಾಕಿದ್ರ ಹೊಕ್ಕಾವು, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಬ್ಯಾಂಕಿಗೆ ತಾನೆ ಹೋಗದು, ಮನುಷ್ಯರಿಗೆ ಅಲ್ಲಲ್ಲ."

"ಕೊಂಡಮ್ಮ ಮನುಷ್ಯಾಳಲ್ಲೇನು?"

"ಆಕಿ ಹೆಸರು ನಾ ಹೇಳಲಿಲ್ಲ. ನೀ ಹೇಳಿದಿ."

ಅದು ನಿಜವಿತ್ತು. ಗಾದಿಲಿಂಗಮ್ಮ ಕಟ್ಟೆಗೆ ಕೈಯೂರಿ ಕೂತಳು. "ಮೂರು ನೋಟಿನ ಸಂಕಟ ನನಗ ಹೇಳಿದ್ರ ನಾನ ಕೊಡ್ತಿದ್ದೆ, ಈಶ್ವರಿ."

"ಕೊಡ್ತಿದ್ದಿ" ಎಂದಳು ಈಶ್ವರಿ. ಧ್ವನಿ ಏರಲಿಲ್ಲ. "ಕೊಟ್ಟು ಹತ್ತು ವರ್ಷ ಹೇಳ್ತಿದ್ದಿ. ಓಲೆ ಮಾರಿದ್ದು ಊರ ಮಂದಿ ಬಾಯಾಗ ಇವತ್ತಿಗೂ ಐತಿ. ನೀ ಕೊಟ್ಟಿದ್ದಕ್ಕೆಲ್ಲಾ ಸಾಕ್ಷಿ ಅದಾವ ಸಣ್ಣವ್ವ. ನಂದು ಅಂತ ಒಂದು ರೂಪಾಯಿ ನಷ್ಟ ಕೂಡ ನಿನ್ನ ಕೇಳದ ಮಾಡಾಕ ಬರಲ್ಲ ನನಗ."

ಓಲೆಯ ಮಾತನ್ನು ಗಾದಿಲಿಂಗಮ್ಮ ಎಷ್ಟು ಸಲ ಆಡಿದ್ದಳೋ ಆಕೆಗೇ ಲೆಕ್ಕವಿರಲಿಲ್ಲ. ಆದರೆ ಆರು ವರ್ಷದ ಕೂಸಿಗೆ ತಲೆ ಬಾಚಿದ ಕೈ ಕಟ್ಟಿದ ಕಟ್ಟಿಗೇ ಅದೇ ಕೂಸು ಖೋಟಾ ನೋಟು ಸೇರಿಸಿತಲ್ಲ ಎಂಬುದು ಆ ಮಾತಿನಿಂದ ಹಗುರವಾಗಲಿಲ್ಲ. ಎದ್ದು ಹೋಗುವಾಗ ಒಂದೇ ಹೇಳಿದಳು. "ನಾಳೆ ಜಗುಲಿಗೆ ಬಾ. ಸಾವಿರದ ಐನೂರು ತಗೊಂಡು ಬಾ."

ಮರುದಿನ ಸಂಘದ ಹೆಂಗಸರೆಲ್ಲರ ಮುಂದೆ ತನ್ನ ಚೀಟಿಯ ನಕಲು ಓದಿದಳು, ಬ್ಯಾಂಕಿನ ಅರ್ಧಚೀಟಿ ಓದಿದಳು, ಅಂಗೈಯಿಂದ ಪುಸ್ತಕಕ್ಕೆ ಇಳಿಸಿದ ಮೂರು ನಂಬರು ಓದಿದಳು. ಕೊನೆಗೆ ಅರವತ್ನಾಲ್ಕು ನಂಬರನ್ನೂ ಒಂದೊಂದಾಗಿ ಓದಿದಳು. ಅಷ್ಟು ಹೊತ್ತೂ ಈಶ್ವರಿ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದಳು.

"ಮನಿ ಮಾತು ಮನ್ಯಾಗ ಮುಗಸಬೇಕಿತ್ತು ಅಕ್ಕ" ಎಂದಳು ಒಬ್ಬಾಕೆ. "ಎಷ್ಟಂದ್ರೂ ನಿನ್ನ ಮಗಳು."

"ಕೊಂಡಮ್ಮನ ಹೆಸರು ಈ ಬಯಲಾಗ ನಿಂತು ಹೇಳಿದ್ದೆ. ಇದನ್ನ ಒಲಿ ಮುಂದ ಕೂತು ಹೇಳಲೇನು?" ಎಂದಳು ಗಾದಿಲಿಂಗಮ್ಮ. ಕೊಂಡಮ್ಮನ ಕಡೆ ತಿರುಗಿದಳು. "ನಾ ತಪ್ಪು ಮಾಡೀನಿ. ಪುಸ್ತಕ ಕೈಯಾಗ ಇಟ್ಗಂಡು ನೋಡ್ಲಿಲ್ಲ."

ಕೊಂಡಮ್ಮ ಈಶ್ವರಿ ಕೊಟ್ಟ ದುಡ್ಡನ್ನು ಎಣಿಸಿದಳು. ಆಮೇಲೆ ಎಲ್ಲರೂ ನೋಡುವ ಹಾಗೆ ಒಂದೊಂದನ್ನೂ ಬಿಸಿಲಿಗೆ ಹಿಡಿದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮುಂದಿನ ಸಾಲ ಕೊಂಡಮ್ಮನಿಗೇ ಎಂದು ಮತ್ತೆ ಬರೆಸಿದರು. ಸ್ಟೇಷನ್ನಿಗೆ ಹೋಗುವುದೇನು ಎಂದು ಒಬ್ಬಳು ಕೇಳಿದಾಗ ಗಾದಿಲಿಂಗಮ್ಮ, "ಬ್ಯಾಂಕಿನವರಾಗಲಿ ಪೊಲೀಸರಾಗಲಿ ಕೇಳಿದ್ರ ಇದ್ದದ್ದು ಹೇಳ್ತೀನಿ. ನಾನಾಗಿ ಹೋಗಲ್ಲ. ಅಷ್ಟು ಗಟ್ಟಿ ಇಲ್ಲ ನಾನು" ಎಂದಳು. ಈ ಸಂಘದ ಲೆಕ್ಕ ಮಾತ್ರ ಅಂದಿನಿಂದ ಈಶ್ವರಿಯದಲ್ಲ. ಉಳಿದ ಎಂಟು ಸಂಘದವರು ಆಕೆಯನ್ನು ಬಿಡಲಿಲ್ಲ. ಬರೆಯುವವರು ಬೇರೆ ಯಾರಿದ್ದಾರೆ?

ಮುಂದಿನ ತಿಂಗಳು ಗಾದಿಲಿಂಗಮ್ಮ ಕೊಂಡಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಬ್ಯಾಂಕಿಗೆ ಹೋದಳು. ಅಲ್ಲಿ ನೋಡಿದರೆ ಚೀಟಿಯ ನಮೂನೆ ಬದಲಾಗಿತ್ತು. ನೂರರ ಸಾಲು ಮೇಲೆ, ಐನೂರರ ಸಾಲು ಕೆಳಗೆ, ಎಲ್ಲ ಇಂಗ್ಲಿಷು. ಊರಲ್ಲಿ ತುಂಬಿ ತಂದದ್ದನ್ನು ಬಾಲರಾಜ್ ಬೇಡವೆಂದ. ಮೇಜಿನ ಹತ್ತಿರ ನಿಂತು ಬರೆದ ಮೊದಲನೆಯದರಲ್ಲಿ ಸಂಖ್ಯೆ ತಪ್ಪಾದ ಸಾಲಿಗೆ ಬಿತ್ತು. ಎರಡನೆಯದರಲ್ಲಿ ಮೊತ್ತ ಚಿತ್ತಾಯಿತು. ಹಿಂದೆ ಜನ ಪೆನ್ನಿಗೆ ಕಾಯುತ್ತಿದ್ದರು. ಇನ್ನೊಂದು ಸಂಘದ ಹಣ ಕಟ್ಟಲು ಬಂದಿದ್ದ ಈಶ್ವರಿ ಸಾಲು ಬಿಟ್ಟು ಹತ್ತಿರ ಬಂದಳು. ತಿಂಗಳಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

"ಕೊಡು ಸಣ್ಣವ್ವ. ಎರಡು ನಿಮಿಷ, ನಾ ಬರಿತೀನಿ" ಎಂದು ಕೈ ಚಾಚಿದಳು. "ನಂಬರು ನೀನ ಹೇಳು, ನಾ ಬರೇ ಬರಿತೀನಿ."

ಗಾದಿಲಿಂಗಮ್ಮ ಚಿತ್ತಾದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ಮೇಜಿನ ಮೇಲಿನ ಕಟ್ಟಿನಿಂದ ಮೂರನೆಯದನ್ನು ಎಳೆದುಕೊಂಡಳು. ತಲೆ ಎತ್ತಲಿಲ್ಲ.

"ಬ್ಯಾಡ. ತಪ್ಪಿದ್ರ ಇನ್ನೊಂದು ತಗಂತೀನಿ, ಅದೂ ತಪ್ಪಿದ್ರ ಮತ್ತೊಂದು. ಬ್ಯಾಂಕು ಮುಚ್ಚಾಕ ಇನ್ನಾ ಹೊತ್ತೈತಿ. ನೀ ಹೋಗಿ ನಿನ್ನ ಸಾಲಿನಾಗ ನಿಂದ್ರು."